ಪಫ್ ಒಲೆಯಲ್ಲಿ, ಹುಡುಗ ರೀಲ್‌ನಲ್ಲಿ

ಕಲಬುರಗಿಯ ನಮ್ಮ ಓಣಿಯಲ್ಲಿ ಜನವರಿಗೆ ಹೊಸ ಬೇಕರಿ ತೆರೆಯಿತು. ಸಿಬ್ಬಂದಿ ಮೂವರು: ಭಟ್ಟಿಯ ಮುಂದೆ ಮಾಸ್ತರ, ಗಲ್ಲಾದ ಮುಂದೆ ಮಾಲೀಕರು, ಇಬ್ಬರ ಬೈಗುಳಕ್ಕೂ ಸೇರಿ ಒಬ್ಬನೇ ಹುಡುಗ. ಇವರ ಮೇಲೆ 90 ದಿನಗಳ ಸಾಮಾಜಿಕ ಜಾಲತಾಣ ಯೋಜನೆ. ಮೊದಲ ತಿಂಗಳು 'ಅರಿವು', ಎರಡನೆಯದು 'ಒಡನಾಟ', ಮೂರನೆಯದು 'ಮಾರಾಟ'. "ಅಲ್ಲಿಯವರೆಗೆ ಬನ್ ಏನು ಮಾಡಲಿ?" ಎಂದು ಮಾಸ್ತರ ಕೇಳಿದ. ಯೋಜನೆ ಬರೆದುಕೊಟ್ಟ ತಜ್ಞರು ಅದನ್ನೂ ಟಿಪ್ಪಣಿ ಮಾಡಿಕೊಂಡರು.

ದಿನಕ್ಕೊಂದು ರೀಲ್ ಎಂದು ಹೇಳುವುದು ಸುಲಭ. ಚಿತ್ರೀಕರಿಸಿ, ಕತ್ತರಿಸಿ, ಹಾಡು ಕೂಡಿಸುವ ಹೊತ್ತಿಗೆ ಒಂದೂವರೆ ಗಂಟೆ ಹೋಗುತ್ತದೆ. 90 ರೀಲ್‌ಗೆ 135 ಗಂಟೆ. ಅಂದರೆ ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಹುಡುಗ ಹದಿನೇಳು ದಿನ ಗಿರಾಕಿಗಳ ಮುಖ ನೋಡುವಂತಿಲ್ಲ, ಮೊಬೈಲ್ ಮುಖವನ್ನೇ ನೋಡಬೇಕು. ಒಂದು ಸಂಜೆ ಪಫ್‌ಗಳ ಹಬೆ ಕ್ಯಾಮೆರಾಗೆ ಕಾಣಲಿಲ್ಲವೆಂದು ತಟ್ಟೆ ಮತ್ತೆ ಒಲೆಗೆ ಹೋಯಿತು. ಹಬೆ ಬರಲಿಲ್ಲ, ಹೊಗೆ ಬಂತು. ಆಗಲೇ ಒಬ್ಬ ಮುದುಕಿ, "ತಮ್ಮಾ, ಮೊಮ್ಮಗನಿಗೆ ಜ್ವರ, ಒಂದು ಪಾಕೀಟು ಟೋಸ್ಟ್ ಕೊಡು" ಎಂದಳು. "ಅಜ್ಜಿ, ಅದನ್ನೇ ಇನ್ನೊಮ್ಮೆ ಹೇಳಿ, ಸ್ವಲ್ಪ ನಗುತ್ತಾ" ಎಂದ ಹುಡುಗ.

ಯೋಜನೆಯ ಪಂಚಾಂಗವೂ ಹೊಸದು. ಜನವರಿ 30ರ ಕ್ರೋಸಾಂ ದಿನಕ್ಕೆ ಮೂರು ಪೋಸ್ಟ್; ನಮ್ಮ ಓಣಿಯಲ್ಲಿ ಕ್ರೋಸಾಂ ತಿಂದವರು ಯಾರೆಂದು ನಾನು ಇನ್ನೂ ಹುಡುಕುತ್ತಿದ್ದೇನೆ. ಹೋಳಿ ಮುಗಿದ ಮೇಲೆ ಊರೇ ಸೇರುವ ಶರಣಬಸವೇಶ್ವರರ ಜಾತ್ರೆಗೆ ಒಂದು ಸಾಲೂ ಇಲ್ಲ.

ಇಪ್ಪತ್ತಮೂರನೇ ದಿನ ಒಂದು ರೀಲನ್ನು ನಲವತ್ತು ಸಾವಿರ ಜನ ನೋಡಿದರು. ಮಾಲೀಕರು ಪೇಢೆ ಹಂಚಿದರು, ಅದೂ ಎದುರಿನ ಅಂಗಡಿಯಿಂದ ತಂದದ್ದು. ನಾನು ಖಾತೆಯ ಅಂಕಿಅಂಶದಲ್ಲಿ ನೋಡಿದವರ ಊರುಗಳ ಪಟ್ಟಿ ತೆರೆದೆ: ಬೆಂಗಳೂರು, ಹೈದರಾಬಾದ್, ಪುಣೆ. ಕಲಬುರಗಿ ಕೆಳಗೆಲ್ಲೋ ಇತ್ತು. ಪುಣೆಯವರು ಸಂಜೆಯ ಚಹಾಕ್ಕೆ ಇಲ್ಲಿಗೆ ಬಂದು ಬನ್ ಒಯ್ಯುವರೇ?

ಈ ನಡುವೆ ಹುಡುಗ ಯೋಜನೆಗೆ ಹೊರಗಿನದೊಂದು ತಪ್ಪು ಮಾಡಿದ. ವಾಟ್ಸಾಪ್ ಸ್ಟೇಟಸ್ ಕಾಣಬೇಕಾದರೆ ಇಬ್ಬರ ಮೊಬೈಲಿನಲ್ಲೂ ಇನ್ನೊಬ್ಬರ ನಂಬರ್ ಇರಬೇಕು. ಹಾಗಾಗಿ ಚಿಲ್ಲರೆ ಕೊಡುವಾಗಲೇ, "ಕಾಕಾ, ಅಂಗಡಿಯ ನಂಬರ್ ಇಟ್ಟುಕೊಳ್ಳಿ, ನಿಮ್ಮದು ಹೇಳಿ" ಎಂದು ಎರಡು ವಾರದಲ್ಲಿ ಎಪ್ಪತ್ತು ನಂಬರ್ ಕೂಡಿಸಿದ್ದ. ಸಂಜೆ ನಾಲ್ಕೂವರೆಗೆ ತಟ್ಟೆಯದೊಂದು ಚಿತ್ರ, ಕೆಳಗೆ 'ಈಗ ತೆಗೆದದ್ದು, 48 ಇವೆ'. ಹಾಡಿಲ್ಲ, ಹಬೆಯಿಲ್ಲ. ಆರು ಗಂಟೆಗೆ ತಟ್ಟೆ ಖಾಲಿ. ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಗೆ ತಾನೇ ಅಳಿಯುತ್ತದೆ. ಪಫ್‌ನ ಆಯುಷ್ಯ ಅಷ್ಟೂ ಇಲ್ಲ.

ತಜ್ಞರಿಗೆ ಸುದ್ದಿ ಮುಟ್ಟಿತು. ಅವರು ಸಿಟ್ಟಾಗಲಿಲ್ಲ, ಹುಡುಗನ ಬೆನ್ನು ತಟ್ಟಿ ತಿದ್ದುಪಡಿ ಬರೆದುಕೊಟ್ಟರು: ಇನ್ನು ಮುಂದೆ ಬಿಸಿ ಪಫ್‌ನ ಚಿತ್ರವನ್ನು ಮೂರು ದಿನ ಮೊದಲೇ ಅನುಮೋದನೆಗೆ ಕಳುಹಿಸಬೇಕು.