ಮದುವೆ ಮನೆಯಿಂದ ಸರ್ವರ್ ಆಳಿದ್ದು

ನಮ್ಮ ಹಾಸ್ಟೆಲ್ ಗ್ಯಾಂಗಿನ ಏಳು ಜನಕ್ಕೆ ಅಂತ ಒಂದು ಮೈನ್‌ಕ್ರಾಫ್ಟ್ ಸರ್ವರ್ ಇದೆ. ಜಾವಾ ಎಡಿಷನ್. ಬಾಡಿಗೆಯನ್ನು ಎಲ್ಲರೂ ಹಂಚಿಕೊಳ್ಳುವುದು ಅಂತ ಮಾತಾಗಿತ್ತು, ಕಟ್ಟುತ್ತಿರುವುದು ನಾನೊಬ್ಬನೇ. ಹಾಗಾಗಿ ಅಡ್ಮಿನ್ ಪಟ್ಟವೂ ನನ್ನ ತಲೆಗೇ ಬಂತು.

ಮೊದಲು ಎಲ್ಲ ಶಿಸ್ತಾಗಿತ್ತು. `white-list=true` ಅಂತ ಬರೆದು ಏಳು ಹೆಸರು ಸೇರಿಸಿದ್ದೆ, ಹೊರಗಿನವರು ಬಂದರೆ ಬಾಗಿಲಲ್ಲೇ ವಾಪಸ್. ಆಮೇಲೆ ಕಾಟ ಶುರುವಾಯಿತು. ರಾತ್ರಿ ಹನ್ನೆರಡಕ್ಕೆ ಗಿರಿ ಫೋನ್ ಮಾಡಿ "ಲೋ, ಗುಹೆಯಲ್ಲಿ ದಾರಿ ತಪ್ಪಿದೀನಿ, ಮನೆಗೆ ಟೆಲಿಪೋರ್ಟ್ ಮಾಡೋ" ಅನ್ನುವುದು, ಅವನದು ಮುಗಿಯುವಷ್ಟರಲ್ಲಿ ಸುಮಾ "ನನ್ನ ಸಾಮಾನೆಲ್ಲ ಲಾವಾದಲ್ಲಿ ಬಿತ್ತು ಕಣೋ, ವಾಪಸ್ ಕೊಡು" ಅನ್ನುವುದು. ಬೇಸತ್ತು ಒಂದು ದಿನ ಏಳೂ ಜನರನ್ನು ಆಪ್ ಮಾಡಿಬಿಟ್ಟೆ. ಆಪ್ ಅಂದರೆ ಆಪರೇಟರ್. ಇದರಲ್ಲಿ 1ರಿಂದ 4ರವರೆಗೆ ನಾಲ್ಕು ಮಟ್ಟ ಇವೆ. ಸುಮ್ನೆ `op` ಅಂತ ಕೊಟ್ಟರೆ, ನೀವು ಸೆಟ್ಟಿಂಗ್ ಬದಲಿಸಿಲ್ಲದಿದ್ದರೆ, ಸಿಗುವುದು ನೇರ 4. ಅಂದರೆ ಸರ್ವರನ್ನೇ ನಿಲ್ಲಿಸುವ ಅಧಿಕಾರ. ಮನೆಯ ಕೀಲಿ ಕೇಳಿದವರಿಗೆ ಪಹಣಿ ಸಮೇತ ಕೊಟ್ಟಂತೆ. ಇದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ನಾನು ಮಾತ್ರ ಆಟದೊಳಗೆ ಹೋಗದೆಯೇ ಸರ್ವರ್ ನಡೆಸಬೇಕು ಅಂತ ಆರ್‌ಕಾನ್ ಹಾಕಿಕೊಂಡೆ. ದೂರದಿಂದ ಕಮ್ಯಾಂಡ್ ಕಳಿಸುವ ಕಿಂಡಿ ಅದು. ಅದರ ಪೋರ್ಟ್ 25575. ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ಬೆತ್ತಲೆಯಾಗಿ ಹೋಗುವುದರಿಂದ ಆ ಪೋರ್ಟನ್ನು ಹೊರಗೆ ತೆರೆದಿಡಬಾರದು. ಫೋನಿನಿಂದ ಮೊದಲು ಎಸ್ಎಸ್ಎಚ್‌ನಲ್ಲಿ ಸರ್ವರಿನ ಒಳಗೆ ಹೋಗಿ, ಅಲ್ಲಿಂದ ಕಮ್ಯಾಂಡ್ ಕೊಡುತ್ತೇನೆ. ಇಷ್ಟೆಲ್ಲ ಭದ್ರತೆ ಮಾಡಿಕೊಂಡು ನಾನು ಕೊಟ್ಟ ಮೊದಲ ಕಮ್ಯಾಂಡ್ ಯಾವುದು ಅಂದರೆ, ನನಗೇ 64 ವಜ್ರ.

ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ. ಎರಡು ನಿಮಿಷದಲ್ಲಿ ಗಿರಿ ಗ್ರೂಪಿಗೆ ಸ್ಕ್ರೀನ್‌ಶಾಟ್ ಹಾಕಿದ. ಆಟದ ಚಾಟಿನಲ್ಲಿ ಬೂದು ಬಣ್ಣದ ಓರೆ ಅಕ್ಷರದಲ್ಲಿ ಹೀಗಿತ್ತು:

```
[Rcon: Gave 64 [Diamond] to AdminAnna]
```

`broadcast-rcon-to-ops` ಅಂತ ಒಂದು ಸೆಟ್ಟಿಂಗ್ ಇದೆ, ನಾವು ಮುಟ್ಟದಿದ್ದರೆ ಅದು ಆನ್ ಆಗಿಯೇ ಇರುತ್ತದೆ. ಆರ್‌ಕಾನಿನಲ್ಲಿ ಮಾಡಿದ್ದನ್ನೆಲ್ಲ ಆಟದಲ್ಲಿರುವ ಆಪ್‌ಗಳಿಗೆ ಡಂಗುರ ಸಾರುತ್ತದೆ. ನನ್ನ ಸರ್ವರಿನಲ್ಲಿ ಆಪ್ ಯಾರು? ಎಲ್ಲರೂ. ಅವತ್ತಿನಿಂದ ನನ್ನ ಹೆಸರು ವಜ್ರಮುನಿ.

ಅದನ್ನಾದರೂ ತಡೆದುಕೊಂಡೆ. ನಿಜವಾದ ಪೇಚಾಟ ಆಗಿದ್ದು ಚಿಕ್ಕಪ್ಪನ ಮಗಳ ಮದುವೆಯಲ್ಲಿ. ಧಾರೆಯ ಹೊತ್ತಿಗೆ ಸರಿಯಾಗಿ ಸುಮಾ ಮೆಸೇಜ್. "ಗಿರಿಗೆ ಏನಾಗಿದೆ? ನನ್ನ ಮನೆ ಮೇಲೆ ಟಿಎನ್‌ಟಿ ಸುರಿಸ್ತಿದಾನೆ." ಗಿರಿ ನೋಡಿದರೆ ನನ್ನ ಪಕ್ಕದಲ್ಲೇ ಪಂಚೆ ಉಟ್ಟು ಅಕ್ಷತೆ ಹಿಡಿದು ನಿಂತಿದ್ದಾನೆ. ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದೇ ಬಂದಿದ್ದಾನೆ, ಅವನ ಅಕ್ಕನ ಮಗ, ಹತ್ತು ವರ್ಷದವನು, ಮಾವನ ಅಕೌಂಟಿನಲ್ಲಿ ಕೂತಿದ್ದಾನೆ. ಸೃಷ್ಟಿ, ಲಯ ಎರಡರ ಅಧಿಕಾರವೂ ಕೈಯಲ್ಲಿ.

ಕಂಬದ ಮರೆಗೆ ಹೋಗಿ ಫೋನ್ ತೆಗೆದೆ. ಮೊದಲು ಗಿರಿಯ ಹೆಸರನ್ನು ಪಟ್ಟಿಯಿಂದ ತೆಗೆದೆ. `Removed GiriBonda from the whitelist` ಅಂತ ಉತ್ತರ ಬಂತು. ಹುಡುಗ ಮಾತ್ರ ಒಳಗೇ ಇದ್ದಾನೆ, ಸ್ಫೋಟ ನಡೆಯುತ್ತಲೇ ಇದೆ. ಪಟ್ಟಿ ನೋಡುವುದು ಒಳಗೆ ಬರುವಾಗ ಮಾತ್ರ. ಈಗಾಗಲೇ ಒಳಗಿರುವವರನ್ನೂ ಎಬ್ಬಿಸಬೇಕಾದರೆ `enforce-whitelist` ಆನ್ ಇರಬೇಕು, ನಾನು ಮಾಡಿರಲಿಲ್ಲ. ಸರಿ, `kick` ಕೊಟ್ಟೆ. ಹೋದ. ಉಸಿರು ಬಿಟ್ಟೆ. ಹತ್ತು ಸೆಕೆಂಡಿಗೆ ವಾಪಸ್ ಬಂದ. ಮತ್ತೆ ಒದ್ದೆ, ಮತ್ತೆ ಬಂದ. ಪಟ್ಟಿಯಲ್ಲಿ ಹೆಸರೇ ಇಲ್ಲ, ಬಾಗಿಲು ಮಾತ್ರ ತೆರೆಯುತ್ತಿದೆ! ಮೂರನೇ ಸಲ ಒದೆಯುವಾಗ ತಲೆಗೆ ಹೊಳೆಯಿತು, ಆಪ್ ಆದವರಿಗೆ ಈ ಪಟ್ಟಿಯೇ ಅನ್ವಯಿಸುವುದಿಲ್ಲ. ಹೆಸರಿರಲಿ ಬಿಡಲಿ, ಮನೆ ಅಳಿಯನ ಹಾಗೆ ಸೀದಾ ಒಳಗೆ. ಮೊದಲು ಅಧಿಕಾರ ಕಿತ್ತುಕೊಂಡು ಆಮೇಲೆ ಹೊರಗೆ ಹಾಕಬೇಕಿತ್ತು:

```
deop GiriBonda
whitelist remove GiriBonda
kick GiriBonda
```

ಈ ಕ್ರಮದಲ್ಲಿ ಕೊಟ್ಟ ಮೇಲೆ ಹುಡುಗ ಹೊರಗೇ ಉಳಿದ. ಗಿರಿಯ ಫೋನ್ ಬಡಿದುಕೊಂಡಿತು. "ಮಾಮಾ, ನಿನ್ನ ಆಟ ಕೆಟ್ಟೋಗಿದೆ."

ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಆದರೆ ಸುಮಾ, ಒಡೆದ ಕಲ್ಲು ಮಣ್ಣೆಲ್ಲ ನೆಲದ ಮೇಲೆ ಚೆಲ್ಲಿ ಆಟ ತೆವಳುತ್ತಿದೆ ಅಂದಳು. ಬಿದ್ದ ವಸ್ತುಗಳನ್ನು ಮಾತ್ರ ಗುಡಿಸುವ ಕಮ್ಯಾಂಡ್ ನನಗೆ ಬಾಯಿಪಾಠ: `kill @e[type=item]`. ಫೋನಿನ ಕೀಬೋರ್ಡಿನಲ್ಲಿ ಆ ಚೌಕ ಬ್ರ್ಯಾಕೆಟ್ ಎರಡು ಪುಟ ಒಳಗೆ ಇರುತ್ತದೆ. `kill @e` ವರೆಗೆ ಬರೆದು ಬ್ರ್ಯಾಕೆಟ್ ಹುಡುಕುತ್ತಿದ್ದೆ, ಅಷ್ಟರಲ್ಲಿ ಸೋದರತ್ತೆ "ಪಂಕ್ತಿ ಕೂತಾಯ್ತು, ಬಾರೋ" ಅಂತ ಭುಜ ಹಿಡಿದು ಜಗ್ಗಿದರು. ಹೆಬ್ಬೆರಳು ಎಂಟರ್ ಮೇಲೆ ಬಿತ್ತು.

`Killed 214 entities` ಅಂತ ಬಂತು.

ಬ್ರ್ಯಾಕೆಟ್ ಇಲ್ಲದ `@e` ಅಂದರೆ ಆ ಕ್ಷಣ ಸರ್ವರಿನಲ್ಲಿ ಲೋಡ್ ಆಗಿರುವ ಪ್ರತಿಯೊಂದು ಜೀವ, ಪ್ರತಿಯೊಂದು ವಸ್ತು. ಹಸು, ಕುರಿ, ದೋಣಿ, ಗೋಡೆಗೆ ತಗುಲಿಹಾಕಿದ ಚಿತ್ರ, ನಾವು ಎರಡು ತಿಂಗಳು ಕಷ್ಟಪಟ್ಟು ಸಾಕಿದ ವ್ಯಾಪಾರದ ಹಳ್ಳಿಗರು, ಸುಮಾ, ಸುಮಾಳ ನಾಯಿ ಕರಿಯ. ಆರ್‌ಕಾನ್ "ಖಂಡಿತಾನಾ?" ಅಂತ ಒಂದು ಮಾತು ಕೇಳುವುದಿಲ್ಲ. ಸುಮಾಗೆ ಮಾತ್ರ ಎಲ್ಲ ಕಂಡಿತ್ತು. ಯಾರು ಮಾಡಿದ್ದು ಅಂತ ಬೂದು ಅಕ್ಷರದಲ್ಲಿ ಡಂಗುರ, ಅದರ ಜೊತೆಗೆ ಕರಿಯ ಸತ್ತ ಸುದ್ದಿ. ಸಾಕಿದ ಪ್ರಾಣಿ ಸತ್ತರೆ ಆಟ ಯಜಮಾನರಿಗೆ ತಪ್ಪದೆ ತಿಳಿಸುತ್ತದೆ. ಹೋಳಿಗೆ ಬಡಿಸುತ್ತಿದ್ದರು. ನಾನು ಎಲೆ ಮುಂದೆ ಕೂತು ಕೊಲೆಗಾರನ ಮುಖದಲ್ಲಿ ತುಪ್ಪ ಹಾಕಿಸಿಕೊಂಡೆ.

ಬೆಳಗಿನ ಜಾವ ನಾಲ್ಕರ ಬ್ಯಾಕಪ್ ಇತ್ತು, ಹಾಕಿದೆ. ಕರಿಯನೂ ಬಂದ, ಹಳ್ಳಿಗರೂ ಬಂದರು. ಅವತ್ತು ಬೆಳಿಗ್ಗೆಯಿಂದ ದುಬೈನ ಪ್ರಸನ್ನ ಅಗೆದು ತಂದಿದ್ದ ಸಂಪತ್ತು ಮಾತ್ರ ಹೋಯಿತು. ಅವನು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಆಮೇಲೆ ಗಿರಿಯ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಿ, ಎಲ್ಲರ ಆಪ್ ಕಿತ್ತುಹಾಕಿದೆ. 2ನೇ ಮಟ್ಟ ಕೊಡೋಣ ಅಂತ ನೋಡಿದರೆ ಟೆಲಿಪೋರ್ಟಿನ ಜೊತೆಗೇ `give`, `summon`, `kill` ಮೂರೂ ಅದರಲ್ಲೇ ಇವೆ. ಟೆಲಿಪೋರ್ಟ್ ಒಂದನ್ನೇ ಬಿಡಿಸಿ ಕೊಡಬೇಕಾದರೆ ಬೇರೆ ಪ್ಲಗಿನ್ ಹಾಕಬೇಕು, ಅದು ಮುಂದಿನ ಭಾನುವಾರ ಅಂತ ಹೇಳಿ ಆರು ವಾರವಾಯಿತು. ಕೊನೆಗೆ ಆಪ್ ಆಗಿ ಉಳಿದಿದ್ದು ನಾನೊಬ್ಬನೇ. ಇದನ್ನು ಗ್ರೂಪಿನಲ್ಲಿ ಹೇಳಿದಾಗ ಎಲ್ಲರೂ ಒಪ್ಪಿದರು. ಐದು ನಿಮಿಷ ಬಿಟ್ಟು ಸುಮಾ ಕೇಳಿದಳು, "ಹಾಗಾದ್ರೆ ನಿನ್ನ ಆರ್‌ಕಾನ್ ಡಂಗುರ ಈಗ ಯಾರಿಗೆ ಕೇಳ್ಸತ್ತೆ?"

ನನಗೊಬ್ಬನಿಗೇ. ನಾನು ಅದನ್ನು ಯೋಚಿಸಿರಲಿಲ್ಲ ಅಂದರೆ ಯಾರೂ ನಂಬುತ್ತಿಲ್ಲ.

ಕೊನೆಗೆ ಪಂಚಾಯಿತಿ ಸೇರಿ ತೀರ್ಮಾನವಾಯಿತು. ಸರ್ವರ್ ನಿಲ್ಲಿಸಿ, `ops.json` ಕಡತ ತೆರೆದು, ಸುಮಾ ಹೆಸರಿನ ಮುಂದೆ `"level": 1` ಅಂತ ಬರೆದು, ಮತ್ತೆ ಶುರು ಮಾಡಿದೆ. ಓಡುತ್ತಿರುವಾಗ ಆ ಕಡತ ತಿದ್ದಿದರೆ ಸರ್ವರ್ ತನ್ನ ನೆನಪಿನಲ್ಲಿರುವುದನ್ನೇ ಅದರ ಮೇಲೆ ಬರೆದುಬಿಡುತ್ತದೆ, ಅದಕ್ಕೇ ನಿಲ್ಲಿಸಬೇಕು. 1ನೇ ಮಟ್ಟದವರು ಆಟಗಾರರು ಮೊದಲು ಹುಟ್ಟುವ ಸ್ಪಾನ್ ಸುತ್ತಲಿನ ರಕ್ಷಿತ ಜಾಗದಲ್ಲಿ ಕಟ್ಟಬಹುದು, ಅದು ಬಿಟ್ಟರೆ ಹೇಳಿಕೊಳ್ಳುವ ಅಧಿಕಾರ ಇಲ್ಲ. ಆದರೆ ಎಷ್ಟೇ ಕೆಳಗಿನ ಮಟ್ಟವಾದರೂ ಆಪ್ ಆಪೇ, ಡಂಗುರ ಕೇಳಿಸುತ್ತದೆ.

ನಿನ್ನೆ ರಾತ್ರಿ ನಾನು ಸುಮ್ನೆ ಮಳೆ ನಿಲ್ಲಿಸಲು `weather clear` ಕೊಟ್ಟೆ. ಅರ್ಧ ನಿಮಿಷದಲ್ಲಿ ಮೆಸೇಜ್ ಬಂತು. "ವಜ್ರಮುನಿ, ಕಾರಣ ಬರೆದು ಕೊಡು."