ಲಾರಿಯವನಿಗೆ 'ಲೆಕ್ಕ ಚುಕ್ತಾ' ಬರೆದುಕೊಡುವ ಮುಂಚೆ

"ಮಾಲು ಹಾಳಾದರೆ ಇನ್ಶೂರೆನ್ಸ್ ದುಡ್ಡು ಬರುತ್ತೆ. ಜೊತೆಗೆ ಲಾರಿಯವನ ಹತ್ತಿರ ಅಷ್ಟಿಷ್ಟು ತಗೊಂಡು 'ಲೆಕ್ಕ ಚುಕ್ತಾ' ಅಂತ ಬರೆದುಕೊಟ್ಟರೆ ಯಾರಿಗೂ ನಷ್ಟ ಇಲ್ಲ."

ಕೊನೆಗೆ ನಷ್ಟ ಆಗೋದು ನಿಮಗೇ. 2 ಲಕ್ಷದ ನೂಲು ಮಳೆಯಲ್ಲಿ ನೆನೆಯಿತು, ಇನ್ಶೂರೆನ್ಸ್ ಕಂಪನಿ 1,80,000 ಕೊಟ್ಟಿತು ಅಂದುಕೊಳ್ಳಿ. ಕೊಟ್ಟಷ್ಟು ದುಡ್ಡಿನ ಮಟ್ಟಿಗೆ ಲಾರಿಯವನಿಂದ ವಸೂಲಿ ಮಾಡುವ ನಿಮ್ಮ ಹಕ್ಕು ಕಂಪನಿಗೆ ಸಿಗುತ್ತದೆ. ಸಬ್ರೋಗೇಶನ್ ಅಂದರೆ ಇದೇ. ಉಳಿದ 20,000 ನೀವು ಕೇಳಬಹುದು. ಆದರೆ ಕಂಪನಿ ನಿಂತಿರುವುದು ನಿಮ್ಮ ಜಾಗದಲ್ಲಿ. ನೀವು ಚುಕ್ತಾ ಬರೆದುಕೊಟ್ಟರೆ ಲಾರಿಯವನು ಅದೇ ಚೀಟಿ ತೋರಿಸುತ್ತಾನೆ. ಆಗ ಕಂಪನಿ ನಿಮ್ಮ ಕಡೆ ತಿರುಗಿ, ಕೊಟ್ಟ ದುಡ್ಡನ್ನು ವಾಪಸ್ ಕೇಳಬಹುದು.

ಲಾರಿಯವನ ಮೇಲೆ ಕಂಪನಿ ಹಾಕುವ ಕೇಸು ಸಾಮಾನ್ಯವಾಗಿ ನಿಮ್ಮ ಹೆಸರಲ್ಲೇ ನಡೆಯುತ್ತದೆ. ಚರಣ್ ಸ್ಪಿನ್ನಿಂಗ್ ಮಿಲ್ಸ್‌ನ ನೂಲಿನ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ. ಹಾಗಾಗಿ ಕೋರ್ಟ್ ಕಾಗದದಲ್ಲಿ ನಿಮ್ಮ ಹೆಸರು ಕಂಡರೆ ಗಾಬರಿ ಬೇಡ.

ಜಾಸ್ತಿ ಜನ ಎಡವೋದು ನೋಟಿಸಿನಲ್ಲಿ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಲಾರಿ ಕಂಪನಿಗೆ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಆ ದಿನಗಳನ್ನು ಎಣಿಸುವುದು ಮಾಲು ಹಾಳಾದ ದಿನದಿಂದಲ್ಲ, ಬುಕ್ ಮಾಡಿದ ದಿನದಿಂದ. ಕ್ಲೇಮ್ ಪಾಸಾಗಲಿ ಅಂತ ಸುಮ್ನೆ ಕಾಯಬೇಡಿ.