ಪಫ್ ತಿಂದು ಹಾಕಿದ ಲಾಭ

ಭಾನುವಾರ ರಾತ್ರಿ ಮೈಸೂರಿನಲ್ಲಿ ನಮ್ಮ ಭಾವನವರ ಬೇಕರಿ ಮುಚ್ಚುವ ಹೊತ್ತಿಗೆ ಹೋಗಿದ್ದೆ. ತಟ್ಟೆಯಲ್ಲಿ ಹದಿನಾರು ವೆಜಿಟೇಬಲ್ ಪಫ್‌ಗಳು ಮೆತ್ತಗಾಗಿ ಉಳಿದಿದ್ದವು. "ಇದರ ಲೆಕ್ಕ ಎಲ್ಲಿ ಬರೆಯುತ್ತೀರಿ?" ಎಂದು ಕೇಳಿದೆ. "ತಿಂಗಳ ಕೊನೆಗೆ ಒಟ್ಟು ಲಾಭ ಬರ್ತಿದೆಯಲ್ಲಪ್ಪ, ಒಂದೊಂದನ್ನೂ ಕೆದಕಿ ಏನು ಮಾಡ್ತೀಯ?" ಎಂದರು. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬ್ರೆಡ್ಡು, ಖಾರಾಬನ್ನು ದುಡಿದದ್ದನ್ನು ಪಫ್ ತಿಂದು ಹಾಕುತ್ತಿದ್ದರೂ ಒಟ್ಟು ಲೆಕ್ಕ ಅದನ್ನು ಹೇಳುವುದಿಲ್ಲ.

ಅಲ್ಲೇ ಕುಳಿತು ಹಿಂದಿನ ತಿಂಗಳ ಪಫ್ ಲೆಕ್ಕವನ್ನು ಬೇರೆ ಮಾಡಿದೆವು. ಒಂದರ ಬೆಲೆ 20 ರೂಪಾಯಿ, ಮೈದಾ, ಮಾರ್ಗರೀನ್, ಪಲ್ಯ ಸೇರಿ ಅಸಲು 11 ರೂಪಾಯಿ. ಹಾಗಾಗಿ ಒಂದಕ್ಕೆ 9 ರೂಪಾಯಿ ಉಳಿಯುತ್ತದೆ ಎಂದು ಭಾವ ನಂಬಿದ್ದರು. ಆದರೆ ದಿನಕ್ಕೆ 60 ಮಾಡಿ ಸರಾಸರಿ 44 ಮಾರುತ್ತಿದ್ದರು. ಮೂವತ್ತು ದಿನಕ್ಕೆ ಬಂದದ್ದು 26,400 ರೂಪಾಯಿ. ಅಸಲನ್ನು ಮಾರಿದ ಪಫ್‌ಗಳಿಗೆ ಮಾತ್ರವಲ್ಲ, ಮಾಡಿದ 1,800ಕ್ಕೂ ಹಿಡಿಯಬೇಕು, ಅದು 19,800. ಉಳಿದದ್ದು 6,600. ಮುಂಜಾನೆ ಪದರ ಮಡಿಚುವುದಕ್ಕೆಂದೇ ಬರುವ ಹುಡುಗನಿಗೆ ತಿಂಗಳಿಗೆ 6,000. ಪಫ್ ಬಿಸಿಯಾಗಿಡುವ ಗಾಜಿನ ಪೆಟ್ಟಿಗೆ 500 ವ್ಯಾಟ್‌ನದು, ದಿನಕ್ಕೆ ಹನ್ನೆರಡು ಗಂಟೆ ಉರಿದರೆ ತಿಂಗಳಿಗೆ 180 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 1,440. ಅಲ್ಲಿಗೆ 840 ರೂಪಾಯಿ ನಷ್ಟ, ಅದೂ ಓವನ್ನಿನ ಖರ್ಚು ಸೇರಿಸದೆ.

ಬಾಡಿಗೆಯನ್ನು ನಾನು ಬೇಕೆಂದೇ ಸೇರಿಸಲಿಲ್ಲ. ಪಫ್ ನಿಲ್ಲಿಸಿದರೆ ಬಾಡಿಗೆ ಕಡಿಮೆಯಾಗುವುದಿಲ್ಲ; ಅದನ್ನು ಎಲ್ಲ ತಿನಿಸುಗಳಿಗೂ ಹಂಚಿದರೆ ನಿಜಕ್ಕೂ ದುಡಿಯುವ ತಿನಿಸೂ ನಷ್ಟದಲ್ಲಿದ್ದಂತೆ ಕಾಣುತ್ತದೆ. ಬಹಳ ವರ್ಷ ನಾನೇ ಹಾಗೆ ಹಂಚಿ, ಒಬ್ಬರ ಅಂಗಡಿಯಲ್ಲಿ ಒಳ್ಳೆಯ ತಿನಿಸೊಂದನ್ನು ನಿಲ್ಲಿಸುವಂತೆ ಮಾಡಿದ್ದೇನೆ. ಆ ನೋವು ಇನ್ನೂ ಇದೆ. ಒಂದು ತಿನಿಸನ್ನು ಬಿಟ್ಟರೆ ಯಾವ ಖರ್ಚು ನಿಲ್ಲುತ್ತದೆಯೋ ಅದನ್ನಷ್ಟೇ ಅದರ ತಲೆಗೆ ಕಟ್ಟಬೇಕು.

"ಪಫ್‌ಗೆ ಬಂದವರು ಟೀ ಕುಡಿಯುತ್ತಾರೆ" ಎನ್ನುವುದು ಭಾವನವರ ವಾದ. ಇರಬಹುದು, ಆದರೆ ಅದನ್ನು ಎಣಿಸಬೇಕಲ್ಲವೇ? ಹತ್ತು ದಿನ ಪಫ್ ಮಾರಿದಾಗಲೆಲ್ಲ ಜೊತೆಗೆ ಟೀ ಹೋಯಿತೇ ಎಂದು ಗೆರೆ ಎಳೆದಿಟ್ಟರೆ ಗೊತ್ತಾಗುತ್ತದೆ. ಎಣಿಸದೆ ಹೇಳಿದರೆ, ನಷ್ಟ ಕೊಡುವ ಯಾವ ಸಾಮಾನಿಗೂ ಇದೇ ಸಮರ್ಥನೆ ಸಿಗುತ್ತದೆ.

ನಿಲ್ಲಿಸುವುದು ಬೇಡ, ದಿನಕ್ಕೆ 48 ಮಾಡಿ ಎಂದೆ. ಮಾರಾಟ 42ಕ್ಕೆ ಇಳಿದರೂ ಅದೇ ಖರ್ಚುಗಳನ್ನು ಕಳೆದ ಮೇಲೆ 1,920 ರೂಪಾಯಿ ಉಳಿಯುತ್ತದೆ. ಭಾವ ಕಾಗದವನ್ನು ಎರಡು ಸಲ ನೋಡಿ ಒಪ್ಪಿದರು. ಪಫ್ ಬೇಗ ಖಾಲಿಯಾದ ದಿನ ಎಷ್ಟು ಗಂಟೆಗೆ ಖಾಲಿಯಾಯಿತು ಎಂಬುದನ್ನೂ ಬರೆದಿಡಲು ಹೇಳಿ ಬಂದಿದ್ದೇನೆ. ವಾರದಲ್ಲಿ ಸಂಜೆ ಐದಕ್ಕೇ ಮುಗಿಯುವ ದಿನವಿದ್ದರೆ ಆ ದಿನಕ್ಕೆ ಮಾತ್ರ ಹೆಚ್ಚಿಗೆ ಮಾಡಬಹುದು.